ಅಬ್‌ಸ್ಟ್ರಾಕ್ಟ್ ಓದುವಾಗ ನಾನು ಮೊದಲು ವಿಧಾನಕ್ಕೇ ಹೋಗುವುದೇಕೆ

"ಮೇಡಂ, ಅಬ್‌ಸ್ಟ್ರಾಕ್ಟ್ ಓದುವಾಗ ಎಲ್ಲ ಅರ್ಥ ಆದ ಹಾಗೆ ಆಗ್ತದೆ. ಆದ್ರೆ ಉದ್ದೇಶ ಯಾವುದು, ವಿಧಾನ ಯಾವುದು, ಫಲಿತಾಂಶ ಯಾವುದು, ಕೊನೆಗೆ ಅವರು ಹೇಳ್ಲಿಕ್ಕೆ ಹೊರಟದ್ದು ಏನು ಅಂತ ಬೇರೆ ಬೇರೆ ಬರೀಲಿಕ್ಕೆ ಕೂತ್ರೆ ನಾಲ್ಕೂ ಒಂದೇ ಅಂತ ಕಾಣ್ತದೆ. ಹೇಗೆ ಬೇರೆ ಮಾಡೋದು?"

ಮೊದಲನೆಯದಾಗಿ, ಸಂಶೋಧನಾ ಪೇಪರಿನ ಮೊದಲಿಗೆ ಬರುವ ಈ ಸಾರಾಂಶವನ್ನು ಮೇಲಿನಿಂದ ಕೆಳಕ್ಕೆ ಓದಬೇಡಿ. ವಿಧಾನದ ಸಾಲುಗಳನ್ನು ಮೊದಲು ಓದಿ, ಆಮೇಲೆ ಫಲಿತಾಂಶ. ಉದ್ದೇಶವನ್ನು ಅವೆರಡರಿಂದ ನೀವೇ ಬರೆಯಿರಿ. ಲೇಖಕರ ತೀರ್ಮಾನವನ್ನು ಕಟ್ಟಕಡೆಗೆ ನೋಡಿ. ದೇರಳಕಟ್ಟೆ, ಕೊಣಾಜೆ ಕಡೆಯಿಂದ ಜರ್ನಲ್ ಕ್ಲಬ್‌ಗೆ ತಯಾರಿ ಮಾಡಲು ಬರುವ ಬಿ.ಫಾರ್ಮ, ನರ್ಸಿಂಗ್ ಮಕ್ಕಳ ಮುಂದೆ ನಾನು ಇದಕ್ಕೆ ಯಾವಾಗಲೂ ಒಂದೇ ಅಬ್‌ಸ್ಟ್ರಾಕ್ಟ್ ಇಡುತ್ತೇನೆ. ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ನೋಡಿದ ಬ್ರಿಟನ್ನಿನ ರಿಕವರಿ ಟ್ರಯಲ್‌ನದ್ದು. ಅಂತಿಮ ವರದಿ ಬಂದದ್ದು 2021ರ ಫೆಬ್ರವರಿಯಲ್ಲಿ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ. ಅಬ್‌ಸ್ಟ್ರಾಕ್ಟ್ ಯಾರು ಬೇಕಾದರೂ ನೆಟ್‌ನಲ್ಲಿ ಓದಬಹುದು, ಪಕ್ಕದಲ್ಲಿ ತೆರೆದಿಟ್ಟುಕೊಂಡರೆ ಒಳ್ಳೆಯದು.

ಅದರಲ್ಲಿ ಬ್ಯಾಕ್‌ಗ್ರೌಂಡ್, ಮೆಥಡ್ಸ್, ರಿಸಲ್ಟ್ಸ್, ಕನ್‌ಕ್ಲೂಷನ್ಸ್ ಎಂದು ನಾಲ್ಕು ತಲೆಬರಹ ಮೊದಲೇ ಉಂಟು. "ಮತ್ತೆ ಬೇರೆ ಮಾಡ್ಲಿಕ್ಕೆ ಏನುಂಟು ಮೇಡಂ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬ್ಯಾಕ್‌ಗ್ರೌಂಡ್‌ನಿಂದ ಉದ್ದೇಶವನ್ನು ತೆಗೆದು ಕೊಡಿ ಎನ್ನುತ್ತೇನೆ. ಅಲ್ಲಿರುವುದು ಎರಡೇ ವಾಕ್ಯ. ಕೋವಿಡ್‌ನಲ್ಲಿ ಶ್ವಾಸಕೋಶಕ್ಕೆ ವ್ಯಾಪಕವಾಗಿ ಹಾನಿಯಾಗುತ್ತದೆ ಎನ್ನುವುದು ಒಂದು. ಸ್ಟೀರಾಯ್ಡ್‌ಗಳು ಉರಿಯೂತದಿಂದಾಗುವ ಆ ಹಾನಿಯನ್ನು ತಗ್ಗಿಸಿ ಉಸಿರಾಟದ ವೈಫಲ್ಯ ಮತ್ತು ಸಾವನ್ನು ಕಡಿಮೆ ಮಾಡಬಹುದು ಎನ್ನುವುದು ಇನ್ನೊಂದು. ಇವೆರಡರಲ್ಲಿ ಒಂದೂ ಉದ್ದೇಶವಲ್ಲ. ಮೊದಲನೆಯದು ಆಗಲೇ ತಿಳಿದ ಸಂಗತಿ, ಎರಡನೆಯದು ಊಹೆ. "ನಾವು ಇದನ್ನು ಪರೀಕ್ಷಿಸಲು ಹೊರಟೆವು" ಎಂಬ ಮಾತು ಅಲ್ಲಿ ಎಲ್ಲೂ ಇಲ್ಲ. ಹೆಚ್ಚಿನ ಮಕ್ಕಳು ಎರಡನೆಯ ವಾಕ್ಯವನ್ನು ಉದ್ದೇಶವೆಂದು ನಕಲು ಮಾಡುತ್ತಾರೆ. ಕೆಲವರಂತೂ ಅದನ್ನೇ ಫಲಿತಾಂಶವೆಂದು ಬರೆಯುತ್ತಾರೆ, ಏಕೆಂದರೆ ಕೊನೆಗೆ ಅವರಿಗೆ ನೆನಪಿನಲ್ಲಿ ಉಳಿಯುವುದೂ ಅದೇ ಮಾತು: ಸ್ಟೀರಾಯ್ಡ್ ಸಾವು ಕಡಿಮೆ ಮಾಡುತ್ತದೆ.

ಹಾಗಾಗಿ ವಿಧಾನಕ್ಕೆ ಹೋಗೋಣ. ಅಲ್ಲಿ ನಾಲ್ಕು ವಿಷಯ ಹುಡುಕಬೇಕು: ಯಾರ ಮೇಲೆ, ಏನು ಕೊಟ್ಟು, ಯಾವುದಕ್ಕೆ ಹೋಲಿಸಿ, ಏನನ್ನು ಅಳೆದರು. ಯಾರ ಮೇಲೆ ಅಂದರೆ ಕೋವಿಡ್‌ನಿಂದ ಆಸ್ಪತ್ರೆಗೆ ದಾಖಲಾದವರ ಮೇಲೆ. ಕೊಟ್ಟದ್ದು ದಿನಕ್ಕೊಮ್ಮೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಬಾಯಿಯ ಮೂಲಕ ಅಥವಾ ರಕ್ತನಾಳಕ್ಕೆ, ಹೆಚ್ಚೆಂದರೆ 10 ದಿನ. ಹೋಲಿಸಿದ್ದು ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದವರಿಗೆ. ಅಳೆದದ್ದು 28 ದಿನಗಳೊಳಗಿನ ಸಾವು. ಈಗ ಉದ್ದೇಶವನ್ನು ನಾವೇ ಬರೆಯಬಹುದು: ಆಸ್ಪತ್ರೆಗೆ ದಾಖಲಾದ ಕೋವಿಡ್ ರೋಗಿಗಳಲ್ಲಿ, ಎಂದಿನ ಚಿಕಿತ್ಸೆಗೆ ಡೆಕ್ಸಾಮೆಥಾಸೋನ್ ಸೇರಿಸಿದರೆ 28 ದಿನಗಳೊಳಗಿನ ಸಾವು ಕಡಿಮೆಯಾಗುತ್ತದೆಯೇ? ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಲು ಬರುವಂಥ ವಾಕ್ಯವೇ ಉದ್ದೇಶ. ಹಾಕಲು ಬಾರದಿದ್ದರೆ ನೀವು ಬರೆದದ್ದು ಹಿನ್ನೆಲೆಯೋ ತೀರ್ಮಾನವೋ ಆಗಿರುತ್ತದೆ.

ವಿಧಾನದಲ್ಲಿ ಇನ್ನೆರಡು ವಿಷಯ ಉಂಟು, ಅವನ್ನು ಹಾರಿಸಬಾರದು. ಯಾರಿಗೆ ಔಷಧಿ, ಯಾರಿಗೆ ಇಲ್ಲ ಎನ್ನುವುದನ್ನು ವೈದ್ಯರು ಆರಿಸಲಿಲ್ಲ, ರ‍್ಯಾಂಡಮ್ ಆಗಿ ಹಂಚಿದರು. ಮತ್ತು ಇದು ಓಪನ್ ಲೇಬಲ್ ಟ್ರಯಲ್, ಅಂದರೆ ಯಾರಿಗೆ ಏನು ಸಿಗುತ್ತಿದೆ ಎಂದು ರೋಗಿಗೂ ವೈದ್ಯರಿಗೂ ಗೊತ್ತಿತ್ತು. ಗೊತ್ತಿದ್ದರೆ ಅಳತೆ ಅತ್ತಿತ್ತ ವಾಲಬಹುದಲ್ಲವೇ ಎಂದು ಕೇಳುವವರು ಸರಿಯಾಗಿಯೇ ಕೇಳುತ್ತಾರೆ. ನೋವು ಎಷ್ಟು, ಆಯಾಸ ಎಷ್ಟು ಎಂದು ಕೇಳಿ ಬರೆದುಕೊಳ್ಳುವ ಅಧ್ಯಯನವಾಗಿದ್ದರೆ ಇದು ದೊಡ್ಡ ಕೊರತೆ. ಇಲ್ಲಿ ಅಳೆದದ್ದು ಸಾವು, ಅದರ ಎಣಿಕೆಯಲ್ಲಿ ಅಭಿಪ್ರಾಯಕ್ಕೆ ಜಾಗ ತೀರ ಕಡಿಮೆ. ವಿಧಾನದ ಒಂದು ದೌರ್ಬಲ್ಯ ಎಷ್ಟು ದೊಡ್ಡದು ಎನ್ನುವುದನ್ನು ಅಳೆದ ವಸ್ತುವಿನ ಜೊತೆ ಇಟ್ಟೇ ಹೇಳಬೇಕಾಗುತ್ತದೆ. ಓಪನ್ ಲೇಬಲ್ ಎಂಬ ಪದ ಕಂಡ ಕೂಡಲೇ ಕೆಂಪು ಗೆರೆ ಎಳೆಯುವವರನ್ನು ಕಂಡರೆ ನನಗೆ ಸ್ವಲ್ಪ ಬೇಸರ.

ಇನ್ನು ಫಲಿತಾಂಶ. ಡೆಕ್ಸಾಮೆಥಾಸೋನ್ ಗುಂಪಿನಲ್ಲಿ 2104 ಜನ, ಅವರಲ್ಲಿ 482 ಮಂದಿ ತೀರಿಕೊಂಡರು, ಅಂದರೆ ಶೇ. 22.9. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ 4321 ಜನ, ತೀರಿಕೊಂಡವರು 1110, ಶೇ. 25.7. ಅದರ ಪಕ್ಕದಲ್ಲಿ ರೇಟ್ ರೇಷಿಯೋ, ಅಂದರೆ ಎರಡು ಗುಂಪುಗಳ ಸಾವಿನ ದರದ ಅನುಪಾತ, 0.83 ಎಂದಿದೆ. ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡ ಹುಡುಗನೊಬ್ಬ 22.9ನ್ನು 25.7ರಿಂದ ಭಾಗಿಸಿ, "ಮೇಡಂ, 0.89 ಬರ್ತದೆ, ಪೇಪರ್ ತಪ್ಪುಂಟು" ಎಂದ. ಪೇಪರ್ ತಪ್ಪಿಲ್ಲ, ಆದರೆ ಭಾಗಿಸಿ ನೋಡಿದ್ದು ಬಹಳ ಒಳ್ಳೆಯ ಕೆಲಸ. ರೇಷಿಯೋದ ಮುಂದೆ ವಯಸ್ಸಿಗೆ ಹೊಂದಿಸಿದ್ದು ಎಂಬ ಒಂದು ವಿಶೇಷಣ ಉಂಟು. ಔಷಧಿ ಸಿಕ್ಕಿದ ಗುಂಪಿನವರ ಸರಾಸರಿ ವಯಸ್ಸು ಸುಮಾರು ಒಂದು ವರ್ಷ ಹೆಚ್ಚಿತ್ತು. ಕೋವಿಡ್‌ನಲ್ಲಿ ವಯಸ್ಸು ಸಾವಿನ ಮೇಲೆ ಎಷ್ಟು ಪ್ರಭಾವ ಬೀರುತ್ತದೆಂದರೆ, ಆ ಒಂದು ವರ್ಷವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ಜೊತೆಗೆ ರೇಟ್ ರೇಷಿಯೋ ಎನ್ನುವುದು ಯಾವಾಗ ತೀರಿಕೊಂಡರು ಎನ್ನುವುದನ್ನೂ ಗಣಿಸುತ್ತದೆ, ಬರೀ ಕೊನೆಯ ಶೇಕಡಾವಾರನ್ನಲ್ಲ. ಕಚ್ಚಾ ಸಂಖ್ಯೆ ಮತ್ತು ಹೊಂದಿಸಿದ ಸಂಖ್ಯೆ ಎರಡೂ ಫಲಿತಾಂಶವೇ, ಆದರೆ ಒಂದೇ ಫಲಿತಾಂಶವಲ್ಲ. ನೋಟ್ಸ್‌ನಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿರಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ಅಬ್‌ಸ್ಟ್ರಾಕ್ಟ್ ನಿಲ್ಲುವುದಿಲ್ಲ. ಟ್ರಯಲ್‌ಗೆ ಸೇರುವ ಹೊತ್ತಿಗೆ ರೋಗಿಗೆ ಉಸಿರಾಟಕ್ಕೆ ಎಷ್ಟು ನೆರವು ಬೇಕಾಗಿತ್ತು ಎನ್ನುವುದರ ಮೇಲೆ ಮೂರು ಗುಂಪು ಮಾಡಿ ನೋಡಿದ್ದಾರೆ. ವೆಂಟಿಲೇಟರ್‌ನಲ್ಲಿದ್ದವರಲ್ಲಿ ಔಷಧಿ ಸಿಕ್ಕಿದಾಗ ಸಾವು ಶೇ. 29.3, ಸಿಗದಾಗ 41.4. ನೂರು ಜನರಲ್ಲಿ ಹನ್ನೆರಡು ಸಾವು ಕಡಿಮೆ. ವೆಂಟಿಲೇಟರ್ ಇಲ್ಲದೆ ಆಕ್ಸಿಜನ್ ಮಾತ್ರ ಪಡೆಯುತ್ತಿದ್ದವರಲ್ಲಿ 23.3 ಮತ್ತು 26.2, ನೂರಕ್ಕೆ ಸುಮಾರು ಮೂರು ಕಡಿಮೆ. ಆಕ್ಸಿಜನ್ನೂ ಬೇಡದವರಲ್ಲಿ ಸಂಖ್ಯೆ ತಿರುಗಿಬಿಡುತ್ತದೆ: ಔಷಧಿ ಸಿಕ್ಕಿದವರಲ್ಲಿ 17.8, ಸಿಗದವರಲ್ಲಿ 14.0.

ಇದನ್ನು ಕಂಡ ಕೂಡಲೇ ಕ್ಲಾಸು ಎರಡು ಪಂಗಡ ಆಗುತ್ತದೆ. ಒಂದು ಪಂಗಡ "ಹಾಗಾದ್ರೆ ಇವರನ್ನು ಔಷಧಿ ಕೊಂದಿತು" ಎನ್ನುತ್ತದೆ. ಇನ್ನೊಂದು ಪಂಗಡಕ್ಕೆ ಒಟ್ಟು ಫಲಿತಾಂಶ ಚೆನ್ನಾಗಿರುವಾಗ ಇದೊಂದು ಸಾಲು ಯಾಕೆ ಎಂಬ ಪ್ರಶ್ನೆ. ಇಬ್ಬರಿಗೂ ಉತ್ತರ, ನಿಜವಾದ ರೇಷಿಯೋ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಹೇಳುವ ಕಾನ್ಫಿಡೆನ್ಸ್ ಇಂಟರ್ವಲ್‌ನಲ್ಲಿದೆ. ರೇಷಿಯೋ 1 ಇದ್ದರೆ ಎರಡು ಗುಂಪೂ ಸಮ, 1ಕ್ಕಿಂತ ಕಡಿಮೆ ಇದ್ದರೆ ಔಷಧಿಯ ಕಡೆ ಸಾವು ಕಡಿಮೆ. ವೆಂಟಿಲೇಟರ್ ಗುಂಪಿನಲ್ಲಿ ರೇಷಿಯೋ 0.64, ಅದರ ವ್ಯಾಪ್ತಿ 0.51ರಿಂದ 0.81. ಇಡೀ ವ್ಯಾಪ್ತಿ 1ಕ್ಕಿಂತ ಕೆಳಗೇ ಇದೆ. ಆಕ್ಸಿಜನ್ ಬೇಡದವರಲ್ಲಿ 1.19, ವ್ಯಾಪ್ತಿ 0.92ರಿಂದ 1.55. ಅಂದರೆ ಈ ಅಂಕಿಅಂಶಗಳು ಸ್ವಲ್ಪ ಲಾಭವಿದೆ ಎನ್ನುವುದಕ್ಕೂ ಹೊಂದುತ್ತವೆ, ಒಳ್ಳೆಯ ಪ್ರಮಾಣದ ಹಾನಿ ಇದೆ ಎನ್ನುವುದಕ್ಕೂ ಹೊಂದುತ್ತವೆ. ಹಾಗಾಗಿ ಫಲಿತಾಂಶದ ಕಾಲಂನಲ್ಲಿ ಬರೆಯಬೇಕಾದ್ದು "ಈ ಗುಂಪಿನಲ್ಲಿ ಲಾಭ ಕಾಣಲಿಲ್ಲ, ಹಾನಿಯ ಸಾಧ್ಯತೆಯನ್ನು ತಳ್ಳಿಹಾಕಲೂ ಆಗಲಿಲ್ಲ" ಎಂದು. ಹಾನಿ ಸಾಬೀತಾಯಿತು ಎಂದು ಬರೆದರೆ ಅದು ನಿಮ್ಮ ತೀರ್ಮಾನ, ಅವರ ಫಲಿತಾಂಶವಲ್ಲ.

ಕೊನೆಗೆ ಲೇಖಕರ ತೀರ್ಮಾನ. ಆಸ್ಪತ್ರೆಗೆ ದಾಖಲಾದ ಕೋವಿಡ್ ರೋಗಿಗಳಲ್ಲಿ, ವೆಂಟಿಲೇಟರ್ ಅಥವಾ ಆಕ್ಸಿಜನ್ ಪಡೆಯುತ್ತಿದ್ದವರಿಗೆ ಡೆಕ್ಸಾಮೆಥಾಸೋನ್‌ನಿಂದ 28 ದಿನಗಳೊಳಗಿನ ಸಾವು ಕಡಿಮೆಯಾಯಿತು, ಉಸಿರಾಟದ ನೆರವು ಬೇಡದವರಲ್ಲಿ ಆಗಲಿಲ್ಲ. ಇದನ್ನು ಎರಡು ಕಡೆಯಿಂದ ಪರೀಕ್ಷಿಸಬೇಕು. ಕ್ರಿಯಾಪದ ನೋಡಿ: ಔಷಧಿಯಿಂದ ಕಡಿಮೆಯಾಯಿತು ಎಂದು ನೇರವಾಗಿ ಕಾರಣ ಹೇಳಿದ್ದಾರೆ. ಹಾಗೆ ಹೇಳುವ ಹಕ್ಕು ಅವರಿಗೆ ಬಂದದ್ದು ರ‍್ಯಾಂಡಮ್ ಆಗಿ ಹಂಚಿದ್ದರಿಂದ. ಆಸ್ಪತ್ರೆಯ ಹಳೆಯ ಕೇಸ್ ಶೀಟ್‌ಗಳನ್ನು ತಿರುವಿ, ಸ್ಟೀರಾಯ್ಡ್ ಸಿಕ್ಕಿದವರನ್ನೂ ಸಿಗದವರನ್ನೂ ಹೋಲಿಸಿದ ಅಧ್ಯಯನ ಇದೇ ಮಾತನ್ನು ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ಅಲ್ಲಿ ಹೆಚ್ಚು ಕಾಯಿಲೆ ಬಿದ್ದವರಿಗೇ ವೈದ್ಯರು ಸ್ಟೀರಾಯ್ಡ್ ಬರೆದಿರಬಹುದು. ಅಂಥ ಪೇಪರ್‌ಗೆ ಇವೆರಡರ ನಡುವೆ ಸಂಬಂಧ ಕಂಡಿತು ಎಂದಷ್ಟೇ ಹೇಳಲು ಬರುತ್ತದೆ. ಇನ್ನೊಂದು ಕಡೆಯಿಂದ, ತೀರ್ಮಾನದ ಜನ ವಿಧಾನದ ಜನರಿಗಿಂತ ಹೆಚ್ಚಾಗಿದ್ದಾರೆಯೇ ನೋಡಿ. ಇಲ್ಲಿ ಆಗಿಲ್ಲ. ಒಟ್ಟಾರೆ ಶೇ. 22.9ನ್ನೇ ತೋರಿಸಿ ಕೋವಿಡ್‌ಗೆ ಔಷಧಿ ಸಿಕ್ಕಿತು ಎಂದು ಬರೆಯಬಹುದಿತ್ತು, ಬರೆಯಲಿಲ್ಲ.

ಅಬ್‌ಸ್ಟ್ರಾಕ್ಟ್‌ನ ಹೊರಗೆ ನಡೆದದ್ದು ಬೇರೆಯೇ. 2021ರ ಎರಡನೇ ಅಲೆಯಲ್ಲಿ ನಮ್ಮ ದೇಶದಲ್ಲಿ ಆಕ್ಸಿಜನ್ ಮಟ್ಟ ಸರಿಯಿದ್ದು ಮನೆಯಲ್ಲೇ ಇದ್ದವರೂ ಸ್ಟೀರಾಯ್ಡ್ ಮಾತ್ರೆ ನುಂಗಿದರು. ಆಮೇಲೆ ಬ್ಲ್ಯಾಕ್ ಫಂಗಸ್ ಹಬ್ಬಿದಾಗ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯ ಜೊತೆ ಸ್ಟೀರಾಯ್ಡ್‌ನ ಬೇಕಾಬಿಟ್ಟಿ ಬಳಕೆಯೂ ಕಾರಣವೆಂದು ತಜ್ಞರು ಬಹಿರಂಗವಾಗಿಯೇ ಎಚ್ಚರಿಸಿದರು. ಮನೆಯಲ್ಲಿದ್ದ ರೋಗಿ ಈ ಟ್ರಯಲ್‌ನಲ್ಲಿ ಇರಲೇ ಇಲ್ಲ. ಅವರಿಗೆ ತುಸು ಹತ್ತಿರದ ಗುಂಪು ಎಂದರೆ ಆಕ್ಸಿಜನ್ ಬೇಡದ ಒಳರೋಗಿಗಳು, ಅವರ ಬಗ್ಗೆ ಅಬ್‌ಸ್ಟ್ರಾಕ್ಟ್‌ನ ಕೊನೆಯ ಅರ್ಧ ವಾಕ್ಯ "ಆಗಲಿಲ್ಲ" ಎಂದಿತ್ತು.

ಎಲ್ಲ ಅಬ್‌ಸ್ಟ್ರಾಕ್ಟ್‌ಗಳೂ ಇಷ್ಟು ಪ್ರಾಮಾಣಿಕವಾಗಿರುವುದಿಲ್ಲ, ಹಾಗಾಗಿ ಈ ಒಂದನ್ನೇ ನೋಡಿ ಅಭ್ಯಾಸ ಮಾಡಿಕೊಳ್ಳಬೇಡಿ. 2010ರಲ್ಲಿ ಜಾಮಾ ಪತ್ರಿಕೆಯಲ್ಲಿ ಇಸಾಬೆಲ್ ಬುಟ್ರಾನ್ ಮತ್ತು ಸಂಗಡಿಗರು, ಮುಖ್ಯ ಅಳತೆಯಲ್ಲಿ ಸ್ಪಷ್ಟ ವ್ಯತ್ಯಾಸ ಸಿಗದ 72 ಟ್ರಯಲ್‌ಗಳ ವರದಿಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಶೇ. 58ರಷ್ಟರಲ್ಲಿ ಅಬ್‌ಸ್ಟ್ರಾಕ್ಟ್‌ನ ತೀರ್ಮಾನದ ಭಾಗದಲ್ಲೇ ಚಿಕಿತ್ಸೆಯನ್ನು ಇದ್ದದ್ದಕ್ಕಿಂತ ಚೆಂದವಾಗಿ ತೋರಿಸುವ ಬರವಣಿಗೆ ಕಂಡಿತು. ಸಾಮಾನ್ಯವಾಗಿ ಹೀಗೆ: ವಿಧಾನದಲ್ಲಿ ಸಾವನ್ನು ಮುಖ್ಯ ಅಳತೆ ಎನ್ನುತ್ತಾರೆ, ತೀರ್ಮಾನದಲ್ಲಿ ಸಾವಿನ ಸುದ್ದಿಯೇ ಇರುವುದಿಲ್ಲ, ಬದಲಿಗೆ ಒಂದು ಉಪಗುಂಪಿನಲ್ಲಿ ಜ್ವರ ಬೇಗ ಇಳಿಯಿತು ಎಂದಿರುತ್ತದೆ. ಮೇಲಿನಿಂದ ಕೆಳಕ್ಕೆ ಓದಿದರೆ ಇದು ಗೊತ್ತೇ ಆಗುವುದಿಲ್ಲ. ವಿಧಾನದಲ್ಲಿ ಹೇಳಿದ ಅಳತೆಯ ಕೆಳಗೆ ಗೆರೆ ಎಳೆದು, ನೇರವಾಗಿ ತೀರ್ಮಾನಕ್ಕೆ ಹೋಗಿ ಅದೇ ಅಳತೆ ಅಲ್ಲಿದೆಯೇ ಎಂದು ಹುಡುಕಿದರೆ ಅರ್ಧ ನಿಮಿಷದ ಕೆಲಸ. ರಿಕವರಿಯಲ್ಲೂ ತೀರ್ಮಾನ ನಿಂತಿರುವುದು ಉಪಗುಂಪುಗಳ ಮೇಲೆಯೇ. ಆ ಮೂರು ಗುಂಪುಗಳನ್ನು ಫಲಿತಾಂಶ ನೋಡುವ ಮೊದಲೇ ನಿಗದಿ ಮಾಡಿದ್ದರೋ, ನೋಡಿದ ಮೇಲೆ ಆರಿಸಿದರೋ ಎನ್ನುವುದು ಅಬ್‌ಸ್ಟ್ರಾಕ್ಟ್‌ನಲ್ಲಿ ಇಲ್ಲ. ಮೊದಲೇ ನಿಗದಿ ಮಾಡಿದ್ದರು. ಅದು ಎಲ್ಲಿ ಬರೆದಿದೆ ಎಂದು ಪೇಪರ್‌ನ ಸ್ಟ್ಯಾಟಿಸ್ಟಿಕಲ್ ಅನಾಲಿಸಿಸ್ ಭಾಗದಲ್ಲಿ ಹುಡುಕಿ ತೋರಿಸಿದವರಿಗೆ ನಾನು ಮುಂದಿನ ಅಬ್‌ಸ್ಟ್ರಾಕ್ಟ್ ಕೊಡುತ್ತೇನೆ.