ನೋಡಿದ ಕೋಣೆಯನ್ನು ಮತ್ತೆ ನುಂಗುತ್ತಿದ್ದ ಮಂಜು

ಮೇಲಿನಿಂದ ನೋಡುತ್ತ ಆಡುವ ಒಂದು ಗುಹೆಯಾಟಕ್ಕೆ ನಾನು ಕೋಡ್ ಬರೆಯಲು ಸೇರಿಕೊಂಡಾಗ, ಅದರ ಫಾಗ್ ಆಫ್ ವಾರ್, ಅಂದರೆ ಆಟಗಾರ ಇನ್ನೂ ನೋಡದ ಜಾಗವನ್ನು ಕಪ್ಪು ಮಂಜಿನಿಂದ ಮುಚ್ಚಿಡುವ ಭಾಗವನ್ನು ಬೇರೊಬ್ಬರು ಆಗಲೇ ಬರೆದು ಮುಗಿಸಿದ್ದರು. ಪ್ರತಿ ಅಂತಸ್ತಿನ ನಕ್ಷೆಯಲ್ಲಿ 128×128 ಚೌಕಗಳಿದ್ದವು. ಗೋಡೆಯ ಅಡ್ಡಿಯನ್ನು ಲೆಕ್ಕಿಸದೆ, ಆಟಗಾರನಿಂದ 6 ಚೌಕಗಳ ದೂರದವರೆಗೆ ಮಂಜು ಸರಿಯುತ್ತಿತ್ತು. ತೊಂದರೆಯೆಂದರೆ, ಆಟಗಾರನು ಒಂದು ಕೋಣೆಯನ್ನು ದಾಟಿ ಮುಂದೆ ಹೋದೊಡನೆ ಆ ಕೋಣೆ ಹಿಂದಿನಂತೆಯೇ ಪೂರ್ತಿ ಕಪ್ಪಾಗುತ್ತಿತ್ತು. ಆಡಿ ನೋಡಿದ ಗೆಳೆಯನೊಬ್ಬ ಬಂದ ದಾರಿಯನ್ನೇ ಹೊಸ ದಾರಿಯೆಂದು ತಿಳಿದು ಒಂದೇ ಕಡೆ ಸುತ್ತುತ್ತಿದ್ದ.

ದೋಷವು ಚಿತ್ರ ಬಿಡಿಸುವ ಹಂತದಲ್ಲಿದೆಯೋ ಅಥವಾ ಅದರ ಹಿಂದಿನ ಮಾಹಿತಿಯಲ್ಲಿದೆಯೋ ಎಂಬುದನ್ನು ಮೊದಲು ತೀರ್ಮಾನಿಸಬೇಕಿತ್ತು. ಅದಕ್ಕಾಗಿ, ಆಟಗಾರನ ಪ್ರತಿ ಹೆಜ್ಜೆಯ ನಂತರವೂ ತೆರೆದಿರುವ ಚೌಕಗಳ ಸಂಖ್ಯೆಯನ್ನು ಕನ್ಸೋಲಿನಲ್ಲಿ ಮುದ್ರಿಸಿದೆ. 6 ಚೌಕಗಳ ತ್ರಿಜ್ಯದ ವೃತ್ತದೊಳಗೆ 113 ಚೌಕಗಳು ಬೀಳುತ್ತವೆ. ಆಟಗಾರನು ಬಲಕ್ಕೆ ಒಂದು ಹೆಜ್ಜೆ ಇಟ್ಟರೆ ವೃತ್ತದ 13 ಸಾಲುಗಳಲ್ಲಿ ತಲಾ ಒಂದು ಹೊಸ ಚೌಕ ಸೇರುವುದರಿಂದ, ನೋಡಿದ್ದು ಉಳಿಯುತ್ತಿದ್ದರೆ ಸಂಖ್ಯೆಯು 113ರಿಂದ 126ಕ್ಕೆ, ಅಲ್ಲಿಂದ 139ಕ್ಕೆ ಏರಬೇಕು. ಎಷ್ಟು ನಡೆದರೂ ಅದು 113ರಲ್ಲೇ ನಿಂತಿತ್ತು. ಚಿತ್ರದ ಭಾಗವು ತನಗೆ ಸಿಕ್ಕ ಮಾಹಿತಿಯನ್ನು ಸರಿಯಾಗಿಯೇ ತೋರಿಸುತ್ತಿತ್ತು. ಮಾಹಿತಿಯೇ ಪ್ರತಿ ಹೆಜ್ಜೆಗೂ ಅಳಿಸಿಹೋಗುತ್ತಿತ್ತು.

ಕಾರಣ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. `visible` ಎಂಬ ಒಂದೇ ಅರೇ ಇತ್ತು. ಪ್ರತಿ ಹೆಜ್ಜೆಗೂ ಅದನ್ನು ಸೊನ್ನೆಗಳಿಂದ ತುಂಬಿ, ಅನಂತರ ಹೊಸ ವೃತ್ತವನ್ನು ತೆರೆಯಲಾಗುತ್ತಿತ್ತು. ಸೊನ್ನೆ ತುಂಬುವ ಆ ಸಾಲನ್ನು ತೆಗೆದುಹಾಕಿದರೆ ಸಾಕೆಂದು ಯಾರಿಗಾದರೂ ತೋರುತ್ತದೆ. ಹಾಗೆ ಮಾಡಿದಾಗ ಸಂಖ್ಯೆಯೇನೋ ಏರುತ್ತದೆ, ಆದರೆ ಶತ್ರುಗಳನ್ನು ತೋರಿಸಬೇಕೇ ಬೇಡವೇ ಎಂಬುದನ್ನೂ ಅದೇ ಅರೇ ನಿರ್ಧರಿಸುತ್ತಿದ್ದುದರಿಂದ, ಹಿಂದೆಂದೋ ಬಿಟ್ಟುಬಂದ ಕೋಣೆಗಳಲ್ಲಿ ಓಡಾಡುವ ಶತ್ರುಗಳೆಲ್ಲ ದೂರದಿಂದಲೇ ಕಾಣತೊಡಗುತ್ತಾರೆ. ಈ ಚೌಕ ಈಗ ಕಾಣುತ್ತಿದೆಯೇ, ಇದನ್ನು ಎಂದಾದರೂ ನೋಡಿದ್ದುಂಟೇ ಎಂಬ ಎರಡು ಪ್ರಶ್ನೆಗಳಿಗೆ ಒಂದೇ ಬಿಟ್ ಉತ್ತರ ಕೊಡಲಾರದು. ಆದ್ದರಿಂದ ಎರಡನೆಯ ಅರೇಯನ್ನು ಸೇರಿಸಿದೆ:

```
visible.fill(0);
forEachCellInCircle(px, py, 6, (x, y) => {
  if (x < 0 || y < 0 || x >= 128 || y >= 128) return;
  const i = y * 128 + x;
  visible[i] = 1;
  explored[i] = 1;
});
```

`explored` ಅರೇಯನ್ನು ಆಟದ ನಡುವೆ ಎಲ್ಲಿಯೂ ಸೊನ್ನೆ ಮಾಡುವುದಿಲ್ಲ. ಎರಡರಲ್ಲೂ ಇಲ್ಲದ ಚೌಕ ಕಪ್ಪು, `explored`ನಲ್ಲಿ ಮಾತ್ರ ಇರುವುದು ಮಸುಕು, `visible`ನಲ್ಲಿರುವುದು ಸ್ಪಷ್ಟ; ಶತ್ರುಗಳು ಸ್ಪಷ್ಟವಾದ ಚೌಕಗಳಲ್ಲಿ ಮಾತ್ರ ಕಾಣುತ್ತಾರೆ. ನಡುವೆ ಇರುವ ಅಂಚಿನ ಪರೀಕ್ಷೆ ಅಲಂಕಾರಕ್ಕಲ್ಲ. ಅದಿಲ್ಲದಿದ್ದರೆ `x` −1 ಆದಾಗ ಲೆಕ್ಕವು ಹಿಂದಿನ ಸಾಲಿನ ಕೊನೆಯ ಚೌಕಕ್ಕೆ ಹೋಗಿ ಬೀಳುತ್ತದೆ, ಆಟಗಾರನು ಎಡ ಅಂಚಿನಲ್ಲಿ ನಿಂತಿರುವಾಗ ನಕ್ಷೆಯ ಬಲ ಅಂಚಿನಲ್ಲಿ ಒಂದು ತುಣುಕು ತಾನಾಗಿಯೇ ತೆರೆದುಕೊಳ್ಳುತ್ತದೆ. ಇಂಥ ಗುರುತು ಕಂಡರೆ ಬೇರೆಲ್ಲೂ ಹುಡುಕಬೇಕಾಗಿಲ್ಲ.

ಆಟವನ್ನು ಸೇವ್ ಮಾಡುವಾಗ `explored` ಒಂದನ್ನೇ ಉಳಿಸಿದರೆ ಸಾಕು, ಏಕೆಂದರೆ ಆಟಗಾರ ನಿಂತ ಜಾಗ ಗೊತ್ತಿದ್ದರೆ `visible` ಅನ್ನು ಮತ್ತೆ ಲೆಕ್ಕಹಾಕಬಹುದು. ಚೌಕಕ್ಕೊಂದು ಬಿಟ್‌ನಂತೆ ಒತ್ತಿ ತುಂಬಿದರೆ 16,384 ಚೌಕಗಳು 2,048 ಬೈಟ್‌ಗಳಲ್ಲಿ ಅಡಗುತ್ತವೆ. ಅಂತಸ್ತಿನ ಹೆಸರಿನೊಂದಿಗೆ ನಕ್ಷೆಯ ಅಗಲವನ್ನೂ ಬರೆದಿಟ್ಟೆ. ಅದಿಲ್ಲದಿದ್ದರೆ, ಮುಂದೆ ಯಾರಾದರೂ ಅಗಲವನ್ನು 160ಕ್ಕೆ ಏರಿಸಿದಾಗ ಹಳೆಯ ಬಿಟ್‌ಗಳನ್ನು ಹೊಸ ಅಗಲದಲ್ಲಿ ಓದಿದಾಗ ಸಾಲುಗಳು ಜಾರಿ, ನೋಡಿದ ಜಾಗವೆಲ್ಲ ಓರೆಯಾದ ಪಟ್ಟಿಗಳಾಗಿ ಹರಡಿಕೊಳ್ಳುತ್ತದೆ.

ಇಷ್ಟಾದರೂ ಒಂದು ಸೋರಿಕೆ ಉಳಿದಿತ್ತು. ನಮ್ಮ ಆಟದಲ್ಲಿ ಶತ್ರುಗಳು ಗೋಡೆಯನ್ನು ಒಡೆಯಬಲ್ಲರು. ಮಸುಕಾದ ಚೌಕಗಳನ್ನು ನಕ್ಷೆಯ ಈಗಿನ ಸ್ಥಿತಿಯಿಂದಲೇ ಬಿಡಿಸುತ್ತಿದ್ದುದರಿಂದ, ಆಟಗಾರನು ಎಷ್ಟೋ ದೂರದಲ್ಲಿದ್ದರೂ ಹಳೆಯ ಕೋಣೆಯ ಗೋಡೆ ಬಿದ್ದುದು ಅವನಿಗೆ ತಕ್ಷಣ ತಿಳಿದುಬಿಡುತ್ತಿತ್ತು. ಇದನ್ನು ತಡೆಯಲು ನೋಡಿದ್ದೇವೆಯೇ ಎಂಬ ಬಿಟ್ ಸಾಲದು, ಕೊನೆಯ ಸಲ ಅಲ್ಲಿ ಏನನ್ನು ನೋಡಿದೆವು ಎಂಬುದು ಬೇಕು. ಹಾಗಾಗಿ `explored`ನಲ್ಲಿ 1 ಎಂದು ಬರೆಯುವ ಬದಲು ಆ ಕ್ಷಣ ಅಲ್ಲಿದ್ದ ಟೈಲ್‌ನ, ಅಂದರೆ ಗೋಡೆ, ನೆಲ ಮುಂತಾದ ತುಣುಕಿನ, ಬಗೆಯ ಸಂಖ್ಯೆಯನ್ನೇ ಬರೆದೆವು, 0 ಎಂದರೆ ನೋಡಿಯೇ ಇಲ್ಲವೆಂದು ಗೊತ್ತುಮಾಡಿಕೊಂಡೆವು. ಟೈಲ್‌ಗಳ ಬಗೆ 255 ಮೀರದಿರುವವರೆಗೆ ಚೌಕಕ್ಕೆ ಒಂದು ಬೈಟ್ ಸಾಕಾಗುತ್ತದೆ, ಅಂದರೆ ಅಂತಸ್ತಿಗೆ 16 ಕಿಲೋಬೈಟ್. ಬಿಟ್‌ಗಳ ಉಳಿತಾಯ ಕೈಬಿಟ್ಟುಹೋಯಿತಾದರೂ, ಅಷ್ಟು ಜಾಗಕ್ಕಾಗಿ ಆಟದ ಗುಟ್ಟನ್ನು ಬಿಟ್ಟುಕೊಡುವುದು ನನಗೆ ಸರಿಯೆನಿಸಲಿಲ್ಲ.