ಹುಳುಮನೆಯ ಫೋನ್: ಹಗಲಿನಲ್ಲಿ ಮಾತ್ರ ಕಾಣೆಯಾಗುತ್ತಿದ್ದ ಅಂಕಿಗಳು

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರಮಾವ ರೇಷ್ಮೆ ಹುಳು ಸಾಕುತ್ತಾರೆ. ಅವರ ಹುಳುಮನೆಯ ಉಷ್ಣತೆ ಮತ್ತು ತೇವಾಂಶವನ್ನು ದಿನವಿಡೀ ದಾಖಲಿಸುವ ಕೆಲಸವನ್ನು ಹವ್ಯಾಸವಾಗಿ ಕೈಗೆತ್ತಿಕೊಂಡು ಇದು ಎರಡನೇ ತಿಂಗಳು. ಉಪಕರಣ ಸರಳವಾದದ್ದು. ತಟ್ಟೆಗಳ ನಡುವೆ ಅಂಗೈಯಗಲದ ಒಂದು ಸೆನ್ಸರ್ ತೂಗುತ್ತದೆ. ಗೋಡೆಯ ಗೂಡಿನಲ್ಲಿ ಸದಾ ಚಾರ್ಜ್ ಆಗುತ್ತಿರುವ ನನ್ನ ಹಳೆಯ ಆಂಡ್ರಾಯ್ಡ್ ಫೋನ್ ಅದರ ಅಂಕಿಗಳನ್ನು ಬ್ಲೂಟೂತ್ ಮೂಲಕ ಓದಿ, ಅರ್ಧ ಗಂಟೆಗೊಮ್ಮೆ ಸಿಮ್‌ನ ಇಂಟರ್ನೆಟ್ಟಿನಿಂದ ನನ್ನ ಶೀಟ್‌ಗೆ ಕಳುಹಿಸುತ್ತದೆ. ಮೂರು ಸಲ ಪ್ರಯತ್ನಿಸಿಯೂ ಹೋಗದಿದ್ದರೆ ಆ ಅಂಕಿಯನ್ನು ಬಿಟ್ಟುಬಿಡುತ್ತದೆ. ದಿನಕ್ಕೆ 48 ಸಾಲುಗಳು ಬರಬೇಕು.

ಕಳೆದ ವಾರ 32 ಸಾಲುಗಳಷ್ಟೇ ಬಂದ ದಿನವೊಂದಿತ್ತು. ಅದು ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತ, ಮುಗಿಸಿ ಎದ್ದ ಹುಳುಗಳು ಸೊಪ್ಪನ್ನು ಆತುರದಿಂದ ಮೇಯುವ ಹೊತ್ತು. ಈ ಹಂತದಲ್ಲಿ ಉಷ್ಣತೆ 25 ಡಿಗ್ರಿಯ ಆಸುಪಾಸಿನಲ್ಲೂ ತೇವಾಂಶ ಶೇಕಡಾ 70ರ ಹತ್ತಿರವೂ ಇದ್ದರೆ ಒಳ್ಳೆಯದು. ಅಂದು ಮಧ್ಯಾಹ್ನ ಎರಡೂವರೆಗೆ ಹೇಗೋ ದಾಟಿ ಬಂದ ಒಂದೇ ಸಾಲಿನಲ್ಲಿ 31 ಡಿಗ್ರಿ ಇತ್ತು. ಅದರ ಹಿಂದಿನ ಎರಡು ಗಂಟೆಯ ಅಂಕಿ ಒಂದೂ ಇರಲಿಲ್ಲ. ಇದ್ದಿದ್ದರೆ ಮಾವನಿಗೆ ಫೋನ್ ಮಾಡಿ, ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಲು ಇನ್ನೂ ಬೇಗ ಹೇಳುತ್ತಿದ್ದೆ. ನನಗೆ ಅದು ಬಹಳ ನೋವು ಕೊಟ್ಟಿತು.

ಶನಿವಾರ

ಊರಿಗೆ ಹೋದೆ. ಸೆನ್ಸರಿನ ಬ್ಯಾಟರಿ ಸರಿಯಿತ್ತು, ಸಿಮ್‌ನಲ್ಲಿ ಡೇಟಾ ಇತ್ತು. ಶೀಟ್ ತೋರಿಸಿದಾಗ ದಾರಿ ಹೇಳಿದವರು ಮಾವನೇ. “ರಾತ್ರಿಯದ್ದು ಒಂದೂ ತಪ್ಪಿಲ್ಲವಲ್ಲ. ಎದುರಿನ ಅಂಗಡಿ ಬಾಗಿಲು ತೆಗೆದ ಮೇಲೆಯೇ ಕೈಕೊಡುತ್ತಿದೆ, ನೋಡು” ಎಂದರು.

ಎಣಿಸಿ ನೋಡಿದೆ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಎಂಟರವರೆಗಿನ 23 ಸಾಲುಗಳೂ ಬಂದಿದ್ದವು. ಎಂಟೂವರೆಯಿಂದ ರಾತ್ರಿ ಎಂಟೂವರೆಯವರೆಗಿನ 25 ಸಾಲುಗಳಲ್ಲಿ 9 ಮಾತ್ರ ಇದ್ದವು. ಅಂಗಡಿಯವರು ಮದುವೆಗೆ ಹೋಗಿ ಬಾಗಿಲು ಹಾಕಿದ್ದ ದಿನ 48 ಸಾಲುಗಳೂ ಪೂರ್ತಿ ಇದ್ದವು.

ಆಗ ನೆನಪಾಯಿತು. ಫೋನ್ ಇಟ್ಟ ಮೊದಲ ದಿನ, ಆ್ಯಪ್ ಇಳಿಸಿಕೊಳ್ಳಲು ನಾನು ಅಂಗಡಿಯ ಮುಂದೆ ನಿಂತು ಅವರ ಪಾಸ್‌ವರ್ಡ್ ಇಲ್ಲದ ವೈಫೈಯನ್ನು ಒಮ್ಮೆ ಒತ್ತಿದ್ದೆ. ಹಾಗೆ ಒಮ್ಮೆ ಒತ್ತಿದ ಜಾಲ ಫೋನಿನ ನೆನಪಿನಲ್ಲಿ ಉಳಿಯುತ್ತದೆ. ಆಮೇಲೆ ಸಿಕ್ಕಾಗಲೆಲ್ಲ ಫೋನ್ ತಾನಾಗಿಯೇ ಅದನ್ನು ಸೇರುತ್ತದೆ.

ಸಂಕೇತದ ಬಲ ತೋರಿಸುವ ಆ್ಯಪ್ ಒಂದನ್ನು ಹಾಕಿ ಅಳೆದೆ. ಅಂಗಡಿಯ ಮುಂದೆ −60 ಡಿಬಿಎಂ. ಬೀದಿ ದಾಟಿ, ಗೋಡೆ ದಾಟಿ ಗೂಡಿನ ಹತ್ತಿರ ಬಂದರೆ −82ರಿಂದ −86. ಈ ಅಳತೆಯಲ್ಲಿ ಹತ್ತು ಅಂಕಿ ಇಳಿದರೆ ಬಲ ಹತ್ತನೇ ಒಂದು ಪಾಲಾಗುತ್ತದೆ, ಮೂರು ಇಳಿದರೆ ಅರ್ಧವಾಗುತ್ತದೆ. ಅಂದರೆ −84ರಲ್ಲಿ ಫೋನಿಗೆ ಸಿಗುವುದು ಅಂಗಡಿಯ ಮುಂದೆ ಸಿಗುವುದರ ಸುಮಾರು ಇನ್ನೂರೈವತ್ತನೇ ಒಂದು ಪಾಲು.

ಇಷ್ಟು ಸೊರಗಿದ ಜಾಲವನ್ನು ಫೋನ್ ಏಕೆ ನಂಬುತ್ತದೆ ಎಂಬುದು ನನ್ನನ್ನು ಬಹಳ ಕಾಡಿತು. ವೈಫೈ ಸೇರಿದೊಡನೆ ಫೋನ್ ಒಂದು ಚಿಕ್ಕ ಪರೀಕ್ಷೆ ಮಾಡುತ್ತದೆ. ಗೊತ್ತಾದ ಒಂದು ವಿಳಾಸವನ್ನು ಕೇಳಿ, ಉತ್ತರ ಬಂದರೆ ಇಲ್ಲಿ ಇಂಟರ್ನೆಟ್ ಇದೆ ಎಂದು ತೀರ್ಮಾನಿಸಿ, ಸಿಮ್‌ನ ಡೇಟಾ ಬಿಟ್ಟು ವೈಫೈಗೆ ಹೊರಳುತ್ತದೆ. ಉತ್ತರ ಬರದಿದ್ದರೆ ವೈಫೈ ಗುರುತಿನ ಮೇಲೆ ಆಶ್ಚರ್ಯಸೂಚಕ ಚಿಹ್ನೆ ತೋರಿಸಿ ಸಿಮ್‌ನಲ್ಲೇ ಮುಂದುವರಿಯುತ್ತದೆ. ಪೂರ್ತಿ ಕೆಟ್ಟ ಜಾಲದಿಂದ ನಮಗೆ ತೊಂದರೆ ಇಲ್ಲದಿರುವುದು ಇದೇ ಕಾರಣಕ್ಕೆ. ತೊಂದರೆ ಕೊಡುವುದು ಅರೆಜೀವದ ಜಾಲ. ಆ ಚಿಕ್ಕ ಪರೀಕ್ಷೆ ಪಾಸಾಗುವಷ್ಟು ಅದು ಬದುಕಿರುತ್ತದೆ, ಆಮೇಲಿನ ಕೆಲಸಕ್ಕೆ ಸಾಲುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಪರದೆಯ ಮೇಲಿನ ಗೆರೆಗಳು ರೂಟರ್ ಫೋನಿಗೆ ಎಷ್ಟು ಕೇಳಿಸುತ್ತಿದೆ ಎಂಬುದನ್ನು ಮಾತ್ರ ಹೇಳುತ್ತವೆ. ಫೋನಿನ ದನಿ ಸಾಮಾನ್ಯವಾಗಿ ರೂಟರಿನದಕ್ಕಿಂತ ಮೆತ್ತಗಿರುತ್ತದೆ. ಆದ್ದರಿಂದ ಅಂಗಡಿಯ ಮಾತು ಇಲ್ಲಿಗೆ ಕೇಳಿಸಿದರೂ ಇಲ್ಲಿಯ ಮಾತು ಅಂಗಡಿಗೆ ಕೇಳಿಸದೆ ಹೋಗಬಹುದು. ನನ್ನ ಕೆಲಸವೆಲ್ಲ ಕಳುಹಿಸುವುದೇ ಆಗಿದೆ.

ಸಂಜೆ `Disconnect` ಒತ್ತಿದೆ. ಕೂಡಲೇ ಸಾಲು ಹೋಯಿತು. ಬೀಗುತ್ತಾ ಮಲಗಿದೆ.

ಭಾನುವಾರ

ಬೆಳಿಗ್ಗೆ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಫೋನ್ ಮತ್ತೆ ಅದೇ ಜಾಲದಲ್ಲಿತ್ತು. `Disconnect` ತಾತ್ಕಾಲಿಕ. ಜಾಲ ಕೆಲ ಹೊತ್ತು ಕಾಣೆಯಾಗಿ ಮರಳಿದರೆ ಫೋನಿಗೆ ಅದು ಹೊಸ ಅವಕಾಶ.

`Forget` ಒತ್ತಿ ನೆನಪಿನಿಂದಲೇ ಅಳಿಸಿದೆ. ಮಧ್ಯಾಹ್ನದವರೆಗೆ ಸರಿಯಿತ್ತು. ಆಮೇಲೆ ಮಾವನ ಕಿರಿಯ ಮಗ ಫೋನ್ ತೆಗೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತು ವೀಡಿಯೊ ನೋಡಲು ಅದೇ ಹೆಸರನ್ನು ಒತ್ತಿದ. ಪಾಸ್‌ವರ್ಡ್ ಇಲ್ಲದ ಜಾಲ ಒಂದೇ ಒತ್ತಿಗೆ ಮತ್ತೆ ನೆನಪಿಗೆ ಸೇರುತ್ತದೆ, ತಾನಾಗಿ ಸೇರುವ ಅನುಮತಿಯೊಂದಿಗೇ. ಹುಡುಗನದ್ದು ತಪ್ಪಲ್ಲ, ನಾನೂ ಅದನ್ನೇ ಮಾಡಿದ್ದೆ.

ವೈಫೈಯನ್ನೇ ಆರಿಸಿಬಿಡಬಹುದಿತ್ತು. ಆದರೆ ವಾರಕ್ಕೊಮ್ಮೆ ನಾನು ಬಂದಾಗ ನನ್ನ ಹಾಟ್‌ಸ್ಪಾಟ್‌ಗೆ ಅದು ತಾನಾಗಿ ಸೇರಿ ಹಳೆಯ ದಾಖಲೆಗಳನ್ನು ಕೊಡಬೇಕು. ಹಾಗಾಗಿ ಆ ಒಂದು ಜಾಲಕ್ಕೆ ಮಾತ್ರ ಬಾಗಿಲು ಮುಚ್ಚಿದೆ. ನನ್ನ ಫೋನಿನಲ್ಲಿ ದಾರಿ ಇದು:

```
Settings > Network & internet > Internet
> ಜಾಲದ ಹೆಸರಿನ ಪಕ್ಕದ ಹಲ್ಲುಚಕ್ರ > Auto-connect: off
```

ಅಂಗಡಿ ಮುಚ್ಚಿದ್ದು ಜಾಲ ಕಾಣದಿದ್ದರೆ, ಅದೇ ಪುಟದ ಕೆಳಗಿನ `Saved networks` ಪಟ್ಟಿಯಲ್ಲಿ ಹೆಸರು ಸಿಗುತ್ತದೆ. ಕೆಲವು ಫೋನುಗಳಲ್ಲಿ ಇದೇ ಗುಂಡಿಯ ಹೆಸರು `Auto reconnect`, ಐಫೋನಿನಲ್ಲಿ `Auto-Join`. ಗುಂಡಿ ಆರಿಸಿದ ಮಾತ್ರಕ್ಕೆ ನನ್ನ ಫೋನಿನಲ್ಲಿ ಆಗಿನ ಸಂಪರ್ಕ ಕಡಿಯಲಿಲ್ಲ. ಹಿಂದೆಯೇ `Disconnect` ಕೂಡ ಒತ್ತಬೇಕಾಯಿತು. ಇದನ್ನು ಮರೆತರೆ ಏನೂ ಆಗಲಿಲ್ಲವೆಂದು ಅನ್ನಿಸಿಬಿಡುತ್ತದೆ.

`Forget`ಗಿಂತ ಇದು ನನಗೆ ಹೆಚ್ಚು ಸರಿ ಎನ್ನಿಸಿತು. ಜಾಲ ನೆನಪಿನಲ್ಲಿ ಇದ್ದುಕೊಂಡೇ, ಸೇರಬೇಡ ಎಂಬ ಮಾತೂ ಅದರ ಜೊತೆಗೆ ಉಳಿಯುತ್ತದೆ. ಆದರೆ ಈ ಮಾತು ಆ ಒಂದು ಹೆಸರಿಗೆ ಮಾತ್ರ ಸಲ್ಲುತ್ತದೆ. ಅಂಗಡಿಯವರು ವೈಫೈಯ ಹೆಸರು ಬದಲಿಸಿದರೆ, ಅದನ್ನು ಯಾರಾದರೂ ಒಮ್ಮೆ ಒತ್ತಿದರೆ, ಕಥೆ ಮೊದಲಿನಿಂದ ಶುರುವಾಗುತ್ತದೆ. ಯಾರಾದರೂ ಕೈಯಾರೆ ಸೇರಿಸಿದ ಮೇಲೆ ಗುಂಡಿಯನ್ನು ಮತ್ತೊಮ್ಮೆ ನೋಡುವುದೆಂದು ಮಾವನಿಗೂ ಹುಡುಗನಿಗೂ ತೋರಿಸಿಕೊಟ್ಟಿದ್ದೇನೆ.

ಗುರುವಾರ

ಸೋಮವಾರ 48, ಮಂಗಳವಾರ 48, ಬುಧವಾರ 47. ಬುಧವಾರ ತಪ್ಪಿದ ಒಂದು ನಸುಕಿನ ನಾಲ್ಕು ಗಂಟೆಯದ್ದು. ಆಗ ಅಂಗಡಿ ಮುಚ್ಚಿತ್ತು, ಆದ್ದರಿಂದ ಅದನ್ನು ಸಿಮ್‌ನ ಲೆಕ್ಕಕ್ಕೆ ಬರೆದುಕೊಂಡೆ. ಅಂಗಡಿ ತೆರೆದ ಹೊತ್ತಿನ 75 ಸಾಲುಗಳಲ್ಲಿ ಒಂದೂ ತಪ್ಪಿಲ್ಲ.

ಇಂದು ಮಧ್ಯಾಹ್ನ ಹನ್ನೆರಡಕ್ಕೆ 28 ಡಿಗ್ರಿ ಬಂತು. ಫೋನ್ ಮಾಡಿದೆ. ಮಾವ ಗೋಣಿ ನೆನೆಸಿ ಕಟ್ಟಿದರು. ಒಂದೂವರೆಯ ಸಾಲಿನಲ್ಲಿ 26.4 ಇತ್ತು. ಹುಳುಗಳು ಹಣ್ಣಾಗುತ್ತಿವೆ, ನಾಳೆ ಅವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಾರಂತೆ.