ಮಗಳ ಅಫಿಡವಿಟ್ ಇದ್ದರೆ ವೀಸಾ ಸಿಗುತ್ತಾ?

"ಮಗಳು ಅಮೆರಿಕದಲ್ಲಿದ್ದಾಳೆ. ಖರ್ಚೆಲ್ಲ ನನ್ನದೇ ಅಂತ ಅಫಿಡವಿಟ್ ಕಳಿಸ್ತಾಳೆ. ನಮಗೆ ಪ್ರವಾಸಿ ವೀಸಾ ಗ್ಯಾರಂಟಿ ಅಲ್ವಾ? ನಾಳೆ ಆಸ್ಪತ್ರೆ ಬಿಲ್ ಬಂದ್ರೆ ಅವಳ ತಲೆಗೇ ಬರುತ್ತಾ?"

ಗ್ಯಾರಂಟಿ ಇಲ್ಲ. ಬಿಲ್ ಕೂಡ ಈ ಕಾಗದದಿಂದ ಅವಳ ತಲೆಗೆ ಬರುವುದಿಲ್ಲ.

ಆ ಕಾಗದದ ಹೆಸರು I-134. ಅದರಲ್ಲಿ ಮಗಳು ತನ್ನ ವಿಳಾಸ, ಅಲ್ಲಿ ಯಾವ ವೀಸಾ ಮೇಲಿದ್ದಾಳೆ, ಕೆಲಸ, ಸಂಬಳ, ಉಳಿತಾಯ, ತನ್ನ ದುಡಿಮೆಯನ್ನೇ ನಂಬಿ ಬದುಕುವವರು ಎಷ್ಟು ಮಂದಿ ಅಂತ ಬರೆಯುತ್ತಾಳೆ. ಅಪ್ಪ ಅಮ್ಮ ಎಷ್ಟು ದಿನ ಇರುತ್ತಾರೆ, ಅವರಿಗೆ ತಾನು ಏನು ಕೊಡುತ್ತೇನೆ ಅನ್ನುವುದೂ ಇರುತ್ತದೆ. ಸಂದರ್ಶನಕ್ಕೆ ಹೋಗುವಾಗ ನಿಮ್ಮ ಫೈಲಿನಲ್ಲಿ ಇಟ್ಟುಕೊಂಡರೆ ಸಾಕು. ಸಂಬಳದ ಸ್ಲಿಪ್, ಬ್ಯಾಂಕ್ ಪತ್ರ ಜೊತೆಗಿರಲಿ. ಸುಳ್ಳು ಬರೆದರೆ ಮಾತ್ರ ಅಲ್ಲಿಯ ಕಾನೂನಿನಲ್ಲಿ ಅಪರಾಧ.

ಜನ ಇದನ್ನು I-864 ಜೊತೆ ಬೆರೆಸುತ್ತಾರೆ. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸುವಾಗ ಸಹಿ ಹಾಕುವುದು ಆ I-864. ಅದು ಕೋರ್ಟಿನಲ್ಲಿ ನಿಲ್ಲುವ ಕರಾರು. I-134 ಹಾಗಲ್ಲ. ಮಗಳು ಮಾತಿಗೆ ತಪ್ಪಿದರೆ ಇದರ ಮೇಲೆ ಯಾರೂ ವಸೂಲಿ ಮಾಡಲಾಗುವುದಿಲ್ಲ ಅನ್ನುವುದೇ ಸಾಮಾನ್ಯ ನಿಲುವು. ಪ್ರವಾಸಿ ವೀಸಾಕ್ಕೆ ಇದು ಬೇಕೇ ಬೇಕು ಅಂತಲೂ ಇಲ್ಲ.

ಅಧಿಕಾರಿಗೆ ಬೇಕಾದದ್ದು ಬೇರೆ. ಅಲ್ಲಿಯ ವಲಸೆ ಕಾನೂನಿನ 214(b) ಪ್ರಕಾರ, ಬಂದವರು ಅಲ್ಲೇ ಉಳಿಯುತ್ತಾರೆ ಅಂತಲೇ ಎಣಿಸಿ ಶುರು ಮಾಡುತ್ತಾರೆ. ವಾಪಸ್ ಬರುತ್ತೇವೆ ಅಂತ ತೋರಿಸಬೇಕಾದವರು ನೀವು. ಆ ಕೆಲಸ ಮಗಳ ಸಂಬಳದಿಂದ ಆಗುವುದಿಲ್ಲ.

ವಿರಾಜಪೇಟೆ ಕಡೆಯ ಒಂದು ಜೋಡಿ ಅಂತ ಇಟ್ಟುಕೊಳ್ಳಿ. ಐದು ಎಕರೆ ರೋಬಸ್ಟಾ, ನಡುವೆ ಕರಿಮೆಣಸು. ಆನ್‌ಲೈನ್ ಅರ್ಜಿ DS-160ರಲ್ಲಿ "ಖರ್ಚು ಯಾರದ್ದು?" ಅನ್ನುವಲ್ಲಿ ಏಜೆಂಟ್ ಸುಮ್ನೆ "ಸ್ವಂತ" ಅಂತ ತುಂಬಿರುತ್ತಾನೆ. ಫೈಲಿನ I-134 ಮಾತ್ರ ಎಲ್ಲ ಮಗಳದ್ದು ಅನ್ನುತ್ತದೆ. ಕೌಂಟರಿನಲ್ಲಿ ಕೇಳಿದಾಗ ಅಪ್ಪ ಒಂದು ಹೇಳುತ್ತಾರೆ, ಅಮ್ಮ ಇನ್ನೊಂದು. ಅನುಮಾನ ಹುಟ್ಟುವುದು ಇಲ್ಲಿ. ಮೊದಲು ಕೂತು ಎರಡನ್ನೂ ಒಂದೇ ಮಾಡಿ. ಟಿಕೆಟ್ ನಿಮ್ಮದು, ಊಟ ವಸತಿ ಮಗಳದ್ದು ಎಂದಾದರೆ ಎಲ್ಲ ಕಡೆ ಅದನ್ನೇ ಹೇಳಿ.

ಆಮೇಲೆ ತೋಟದ ಮಾತು. "ಮೇ ತಿಂಗಳಲ್ಲಿ ಹೋಗಿ ಸೆಪ್ಟೆಂಬರ್‌ಗೆ ಬರುತ್ತೇವೆ, ಜನವರಿಯಲ್ಲಿ ಕಾಫಿ ಕೊಯ್ಲು, ನಾವಿಲ್ಲದಿದ್ದರೆ ಆಳುಗಳನ್ನು ನೋಡುವವರಿಲ್ಲ" ಅನ್ನುವ ಒಂದು ಮಾತು ಅಫಿಡವಿಟ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ, ಅದು ನಿಜವಾಗಿದ್ದರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ರಿಟರ್ನ್‌ನಲ್ಲಿ ತೋಟ ಸರಿಯಾಗಿ ಕಾಣದೇ ಇರಬಹುದು. ಪಹಣಿ, ಕಾಫಿ ಮಾರಿದ ಬಿಲ್ ಇಟ್ಟುಕೊಳ್ಳಿ. ಕೇಳಲಿಕ್ಕಿಲ್ಲ, ಆದರೂ ಇರಲಿ.

ಇನ್ನು ಆಸ್ಪತ್ರೆ. ಅಲ್ಲಿ ಭರ್ತಿ ಮಾಡುವಾಗ ಬಿಲ್‌ಗೆ ನಾನು ಜವಾಬ್ದಾರಿ ಅಂತ ಒಂದು ಫಾರ್ಮ್ ಕೊಡಬಹುದು. ಅದಕ್ಕೆ ಮಗಳು ಗಡಿಬಿಡಿಯಲ್ಲಿ ಸಹಿ ಹಾಕಿದರೆ ಬಿಲ್ ಅವಳ ಮೇಲೆ ಬರಬಹುದು. ಹೊರಡುವ ಮೊದಲೇ ವಿಮೆ ಮಾಡಿಸಿ. ಹಳೆಯ ಬಿಪಿ, ಸಕ್ಕರೆ ಕಾಯಿಲೆಗೆ ಅದರಲ್ಲಿ ಎಷ್ಟು ಕೊಡುತ್ತಾರೆ ಅಂತ ಪಾಲಿಸಿ ಓದಿಯೇ ದುಡ್ಡು ಕಟ್ಟಿ.